ಹದಿನಾಲ್ಕು ಕಿಲೋದ ನಾಯಿ

ಚಿತ್ರದುರ್ಗದಲ್ಲಿ ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನನ್ನದು ಬರೆಯುವ ಕೆಲಸ. ಕೊರಳಪಟ್ಟಿ, ಸರಪಳಿ, ಕಡಿಯುವ ಚೆಂಡು, ಏನೇ ಬಂದರೂ ಫೋಟೊ ತೆಗೆದು, ಕೆಳಗೆ ವಿವರ ಬರೆದು ಆನ್‌ಲೈನಿಗೆ ಹಾಕಬೇಕು. ಯಾವ ಅಳತೆ ಯಾವ ನಾಯಿಗೆ, ಯಾವುದರಿಂದ ಮಾಡಿದ್ದು, ಕಡಿದರೆ ತಡೆಯುತ್ತದೆಯೇ ಎಂಬುದು ತಪ್ಪಬಾರದು.

ಕಂಪನಿಯವರು ಕಳಿಸುವ ವಿವರ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಅಳತೆಯೆಲ್ಲ ತಳಿಯ ಮೇಲೆ. ಚಿಕ್ಕದು ಪಗ್‌ಗೆ, ನಡುವಿನದು ಬೀಗಲ್‌ಗೆ, ದೊಡ್ಡದು ಲ್ಯಾಬ್ರಡಾರ್‌ಗೆ. ಹೊಸದುರ್ಗ, ಹಿರಿಯೂರು ಕಡೆ ಕುರಿ ಕಾಯುವ ನಾಯಿಗೆ ಯಾರು ತಳಿ ಕೇಳುತ್ತಾರೆ? ಅದಕ್ಕೇ ನಾನು ತೂಕವನ್ನೂ ಸೇರಿಸಿದೆ. 'ತಳಿ ಗೊತ್ತಿಲ್ಲದಿದ್ದರೆ ತೂಕ ನೋಡಿ. ಹತ್ತರಿಂದ ಇಪ್ಪತ್ತು ಕಿಲೋಗೆ ನಡುವಿನ ಅಳತೆ, ಅದನ್ನು ದಾಟಿದರೆ ದೊಡ್ಡದು.' ಕಂಪನಿಯ ಇಂಗ್ಲಿಷಿನಲ್ಲಿ ಇನ್ನೊಂದು ಸಾಲಿತ್ತು. ಚೆಂಡು ಪೂರ್ತಿ ಬಾಯೊಳಗೆ ಹೋಗುವಂತಿದ್ದರೆ ಕೊಡಬೇಡಿ ಅಂತ. ತೂಕ ಹೇಳಿದ ಮೇಲೆ ಅದೇಕೆ ಎಂದು ಬಿಟ್ಟೆ. ಆ ದಿನ ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಹೊಳಲ್ಕೆರೆ ಕಡೆಯ ಕುರಿಗಾರ ಅಜ್ಜನೊಬ್ಬ ಆ ವಿವರ ನೋಡಿ ಫೋನ್ ಮಾಡಿದ. ಅವನ ಒಂದು ವರ್ಷದ ನಾಯಿ ಕುರಿ ಕೂಡಿಹಾಕುವ ಬಲೆಯ ಹಗ್ಗವನ್ನೇ ಕಡಿಯುತ್ತಿತ್ತಂತೆ.

"ಕಡಿಯಾಕೆ ಏನಾದ್ರೂ ಕೊಟ್ರೆ ಬಲೆ ಬಿಡ್ತೈತೇನವ್ವ? ಚೂರು ಕಿತ್ತು ನುಂಗಿದ್ರೆ ಕಷ್ಟ."

"ಗಟ್ಟಿ ರಬ್ಬರು ಅಜ್ಜ. ಚೂರು ಬರಲ್ಲ, ಬಣ್ಣ ಬಿಡಲ್ಲ. ಉಗುರು ಒತ್ತಿದ್ರೆ ಸ್ವಲ್ಪ ತಗ್ಗತೈತೆ, ಹಂಗಾಗಿ ಹಲ್ಲೂ ಮುರಿಯಲ್ಲ. ನಾಯಿ ತೂಕ ಎಷ್ಟೈತೆ?"

"ತಡಿ, ಎತ್ತಿ ನೋಡ್ತೀನಿ." ಸ್ವಲ್ಪ ಹೊತ್ತು ಫೋನಿನಲ್ಲಿ ನಾಯಿಯ ಏದುಸಿರು ಕೇಳಿಸಿತು. "ಹದಿನಾಲ್ಕು ಕಿಲೋ ಬರ್ತೈತೆ ನೋಡು."

ನಡುವಿನ ಅಳತೆಯ ಚೆಂಡು ಕಳಿಸಿದೆ.

ಹದಿನೈದು ದಿನ ಕಳೆದು ಅಜ್ಜ ಬಸ್ಸು ಹತ್ತಿ ಅಂಗಡಿಗೇ ಬಂದ. ಹೆಗಲ ಟವೆಲ್ಲಿನ ಗಂಟು ಬಿಚ್ಚಿ ಚೆಂಡನ್ನು ನನ್ನ ಮೇಜಿನ ಮೇಲಿಟ್ಟ.

"ಗಂಟ್ಲಾಗೆ ಕುಂತ್ಬಿಡ್ತವ್ವ. ಕೈ ಹಾಕಿದೆ, ಜಾರ್ತಿತ್ತು. ಆಮ್ಯಾಗೆ ತೆಗೆದ್ವಿ, ಅಷ್ಟರಾಗೆ ಜೀವ ಹೋಗಿತ್ತು."

ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಚೂರೂ ಕಿತ್ತಿರಲಿಲ್ಲ. ನಾನು ರಬ್ಬರಿನ ಬಗ್ಗೆ ಬರೆದದ್ದೆಲ್ಲ ನಿಜವಾಗಿತ್ತು. ಹದಿನಾಲ್ಕು ಕಿಲೋದ ನಾಯಿಯ ಗಂಟಲಿಗೆ ಇದು ಹೇಗೆ ಇಳಿಯಿತು ಎಂದು ಕೇಳಿದೆ. ಅಜ್ಜ ತನ್ನ ತೊಡೆಯ ಮೇಲಕ್ಕೆ ಕೈ ಹಿಡಿದು ನಾಯಿಯ ಎತ್ತರ ತೋರಿಸಿದ. ಹದಿನಾಲ್ಕು ಕಿಲೋದ ನಾಯಿ ಅಷ್ಟೆತ್ತರ ಇರುವುದಿಲ್ಲ.

ಸಂತೆಯಲ್ಲಿ ಟಗರನ್ನು ಎತ್ತಿ ನೋಡಿ ಹೇಳುವ ತೂಕ ಟಗರಿನದಲ್ಲ. ಕಡಿದರೆ ಎಷ್ಟು ಮಾಂಸ ಬೀಳುತ್ತದೋ ಆ ತೂಕ. ಜೀವದ ತೂಕದ ಸುಮಾರು ಅರ್ಧ. ಅಜ್ಜನ ತೋಳಿಗೆ ಜೀವಮಾನವಿಡೀ ಗೊತ್ತಿದ್ದದ್ದು ಅದೊಂದೇ ಲೆಕ್ಕ. ಪ್ರೀತಿಯಿಂದ ಸಾಕಿದ ನಾಯಿಯನ್ನೂ ತೋಳು ಹಾಗೇ ತೂಗಿತ್ತು. ನಾಯಿ ನಿಜಕ್ಕೂ ಇಪ್ಪತ್ತೆಂಟರ ಹತ್ತಿರದ್ದು. ಅವನಿಗೆ ಅದು ಹೊಳೆಯದಿದ್ದುದು ತಪ್ಪಲ್ಲ. ನಾನು ಕುರಿಗಾರನ ಮಗಳು. ಅಪ್ಪನ ಜೊತೆ ಸಂತೆ ತಿರುಗಿ ಬೆಳೆದವಳು. ನನಗೆ ಹೊಳೆಯಬೇಕಿತ್ತು.

ತಪ್ಪು ನನ್ನದು ಎಂದು ಹೇಳಿದೆ. ಅಜ್ಜ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ವಿವರ ತಿದ್ದಿದೆ. 'ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ. ಕೈ ಅಂದಾಜು, ಮಾಂಸದ ಲೆಕ್ಕ ಬೇಡ. ಚೆಂಡು ಪೂರ್ತಿ ಬಾಯೊಳಗೆ ಹೋದರೆ ಕೊಡಬೇಡಿ.' ಚೆಂಡು ನನ್ನ ಡ್ರಾಯರಿನಲ್ಲಿ ಉಳಿಯಿತು. ಎಸೆಯಲು ಧೈರ್ಯ ಬರಲಿಲ್ಲ. ಡ್ರಾಯರು ಎಳೆದಾಗಲೆಲ್ಲ ಅದು ಒಳಗೆ ಉರುಳಿ ತುದಿಗೆ ಬಡಿಯುತ್ತದೆ. ತೂಕ ಎಂದು ಬರೆಯುವಾಗಲೆಲ್ಲ ಫೋನಿನ ಆ ಏದುಸಿರು ಕಿವಿಯಲ್ಲಿ ಶುರುವಾಗುತ್ತದೆ. ಯಜಮಾನನ ತೋಳಿನಲ್ಲಿ ನಂಬಿ ತೂಗಾಡುತ್ತಿದ್ದ ನಾಯಿ ಅದು. ಪಕ್ಕದ ಮೇಜಿನವರಿಗೆ ಕೇಳಿಸುತ್ತದೆಯೇ ಎಂದು ಒಮ್ಮೆ ಕೇಳಿ ನಗೆಪಾಟಲಾದೆ.

ಹೋದ ತಿಂಗಳು ಅಜ್ಜ ಮತ್ತೆ ಬಂದ. ಕಂಕುಳಲ್ಲಿ ಹೊಸ ನಾಯಿಮರಿ.

"ಈ ಸಲ ನನ್ನ ಕೈ ನಂಬಬ್ಯಾಡ. ನೀನೇ ತೂಗವ್ವ," ಎಂದು ಮರಿಯನ್ನು ನನ್ನ ಕೈಗೆ ಕೊಟ್ಟ.

ತಕ್ಕಡಿಯ ಕಡೆ ನಡೆದೆ. ಮರಿ ಬೆಚ್ಚಗೆ ಮಿಸುಕಾಡುತ್ತ ನನ್ನ ಮೊಣಕೈ ನೆಕ್ಕುತ್ತಿತ್ತು. ನಾಲ್ಕು ಹೆಜ್ಜೆಯ ದಾರಿ. ಅಷ್ಟರಲ್ಲೇ, ನಾನು ಕೇಳದೆಯೇ, ನನ್ನ ತೋಳು ಲೆಕ್ಕ ಹಾಕಿ ಮುಗಿಸಿತ್ತು. ನಾಲ್ಕು ಕಿಲೋ.

ಮರಿಯನ್ನು ಇಳಿಸಿದೆ. ತಕ್ಕಡಿಯಲ್ಲಿ ಎಂಟು ಬಂತು.