ಪರದೆ ತೋರಿದ ಬಣ್ಣ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತು ವರ್ಷಗಳಿಂದ ನೂಲಿನ ಬಣ್ಣ ಹೊಂದಿಸುತ್ತಿದ್ದ ಜಹೀರುನ್ನೀಸಾಳ ಕಣ್ಣನ್ನು ಯಾರೂ ಪ್ರಶ್ನಿಸಿದವರಲ್ಲ. ಆ ನಂಬಿಕೆಯೊಂದೇ ಅವಳ ಆಸ್ತಿ.

ಆ ವರ್ಷ ಅವಳು ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದ್ದಳು. ರಾತ್ರಿ ಮೊಬೈಲಿನಲ್ಲಿ ಪಾಠ ಓದಿ ಕಣ್ಣು ಉರಿಯುತ್ತಿದ್ದಾಗ, ತಂಗಿಯ ಮಗಳು ಫಿರ್ದೌಸ್ ಡಾರ್ಕ್ ಮೋಡ್ ಹಾಕಿ, ಸಂಜೆ ಆರರಿಂದ ಬೆಳಗಿನ ಆರರವರೆಗೆ ತಾನಾಗಿ ಪರದೆಗೆ ಹಳದಿ ಛಾಯೆ ತರುವ ನೈಟ್ ಲೈಟನ್ನೂ ಹೊಂದಿಸಿಕೊಟ್ಟಳು. ಉರಿ ತಗ್ಗಿತು. ಸಂಜೆಯಾದರೆ ಫೋಟೋದಲ್ಲಿನ ಫಿರ್ದೌಸಳ ಬಿಳಿ ದುಪಟ್ಟಾ ಹಳದಿಯಾಗಿ ಕಾಣುತ್ತಿತ್ತು. ಜಹೀರುನ್ನೀಸಾ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಒಂದು ಸಂಜೆ ಏಳಕ್ಕೆ ಗಿರಾಕಿಗಳಿಂದ ಅವಳ ಮೊಬೈಲಿಗೆ ಮದುವೆ ಸೀರೆಗಳ ಮಾದರಿಯ ಫೋಟೋ ಬಂತು. ಅವಳು ಅಡ್ಡಕ್ಕೆ ನೇಯುವ ಹೊಕ್ಕಿನ ನೂಲಿನ ಉಂಡೆಗಳನ್ನು ಪರದೆಯ ಪಕ್ಕ ಹಿಡಿದು ನೋಡಿ, ಕೆನೆ ಬಣ್ಣದ್ದನ್ನು ಎತ್ತಿಕೊಟ್ಟಳು.

"ಬಿಳಿ ಅಂದಿದ್ರಲ್ಲಕ್ಕಾ ಫೋನಲ್ಲಿ?" ಎಂದ ಮಗ್ಗ ನಡೆಸುವ ರಾಮಾಂಜಿನಪ್ಪ.

"ಅವ್ರ ಬಾಯಿ ನಂಬ್ತೀಯಾ, ನನ್ ಕಣ್ಣು ನಂಬ್ತೀಯಾ? ಕೆನೆನೇ ಕಣಪ್ಪಾ, ಏರ್ಸು."

"ಆಯ್ತು ತಾಯಿ, ನಿನ್ ಕಣ್ಣೇ ಸುಪ್ರೀಂ ಕೋರ್ಟು."

ರಾತ್ರಿಯಿಡೀ ಎಂಟು ಮಗ್ಗಗಳು ಬಡಿದವು. ಪಾಠದ ನಡುವೆ ಹಳದಿಯಾಗಿ ಕಂಡ ದುಪಟ್ಟಾ ಅವಳಿಗೆ ನೆನಪಾಯಿತು. ಆದರೂ ಅವಳು ಏಳಲಿಲ್ಲ.

ಬೆಳಿಗ್ಗೆ ಆರಕ್ಕೆ ಕೈಯಲ್ಲಿದ್ದ ಪರದೆಯ ಹಳದಿ ತಾನಾಗಿ ಇಳಿಯಿತು. ಅವಳು ಮಾದರಿಯ ಫೋಟೋ ತೆರೆದಾಗ ಸೀರೆ ಹಾಲಿನಷ್ಟು ಬಿಳಿಯಾಗಿತ್ತು. ಶೆಡ್ಡಿನಿಂದ ಮಗ್ಗದ ಸದ್ದು ಇನ್ನೂ ಕೇಳುತ್ತಲೇ ಇತ್ತು. ಜಹೀರುನ್ನೀಸಾ ನಡೆದುಹೋಗಿ, ಯಾರನ್ನೂ ಕರೆಯದೆ, ಮೊದಲನೆಯ ಮಗ್ಗದ ಸ್ವಿಚ್ಚನ್ನು ತನ್ನ ಕೈಯಿಂದಲೇ ಆಫ್ ಮಾಡಿದಳು.