ಕೋಳಿ ಹಲಗೆಯ ಸೋಮವಾರ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕುರೆಕುಪ್ಪದಲ್ಲಿ ಮೆಸ್ ನಡೆಸುವವಳಿಗೆ ಅದು ಇರಲೇಬೇಕು ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸದವರು ಮೂವತ್ತು ಮೂವತ್ತೈದು ಮಂದಿ ನನ್ನಲ್ಲಿ ಊಟಕ್ಕೆ ಬರುತ್ತಾರೆ. ಶಿಫ್ಟಿನ ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ಎಲ್ಲರ ಕೈ ತೊಳೆದಾಗಿರಬೇಕು. ಅಲ್ಲಿ ಮೆತ್ತಗೆ ಮಾತಾಡಿದರೆ ಯಾರೂ ಕೇಳುವುದಿಲ್ಲ.

ನಮ್ಮದು ಕಂಪ್ಲಿ ಕಡೆಯ ಮನೆತನ, ಮಾಂಸ ತಿನ್ನುವವರು. ಆದರೆ ಊಟಕ್ಕೆ ಬರುವವರಲ್ಲಿ ಅರ್ಧದಷ್ಟು ಮಂದಿ ಲಿಂಗ ಕಟ್ಟಿದವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೂ ನನ್ನ ಅಡುಗೆಮನೆಯಲ್ಲಿ ಎರಡು ಹಲಗೆ, ಎರಡು ಚಾಕು. ಕಾಯಿಪಲ್ಲೆ ಹಲಗೆ ಒಳಗೆ ಕಟ್ಟೆಯ ಮೇಲೆ. ಕೋಳಿ ಹಲಗೆ ಹಿಂದಿನ ಬಾಗಿಲ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅದು ಹುಣಸೆ ಮರದ್ದು, ಕೊಚ್ಚಿ ಕೊಚ್ಚಿ ನಡುವೆ ತಗ್ಗು ಬಿದ್ದಿತ್ತು. ತಿನ್ನದವರ ಪಲ್ಯಕ್ಕೆ ಕೋಳಿ ಸೋಂಕಬಾರದು ಎನ್ನುವುದು ನನಗೆ ಮರ್ಯಾದೆಯ ವಿಷಯವಾಗಿತ್ತು. ರೋಗದ ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ.

ಸೋಮವಾರ ಮಾತ್ರ ಲೆಕ್ಕ ಬೇರೆ. ಅವತ್ತು ತಿನ್ನುವವರೂ ತಿನ್ನುವುದಿಲ್ಲ, ಇಡೀ ಮೆಸ್ಸಿಗೆ ಕಾಯಿಪಲ್ಲೆಯೇ ಆಗಬೇಕು. ಹೆಚ್ಚುವ ಕೆಲಸ ದುಪ್ಪಟ್ಟು, ಒಂದು ಹಲಗೆ ಸಾಲದು. ಹಾಗಾಗಿ ಭಾನುವಾರ ಸಂಜೆ ಕೋಳಿ ಹಲಗೆಯನ್ನು ನೀರು ಹಾಕಿ ಉಜ್ಜಿ, ಅರಿಶಿನ ಸವರಿ, ಗೋಡೆಗೆ ಆನಿಸಿ ಇಡುತ್ತಿದ್ದೆ. ಸೋಮವಾರ ಬೆಳಗ್ಗೆ ಅದನ್ನು ಒಳಗೆ ತಂದು, ಅದರ ಮೇಲೆ ಬೀನ್ಸು, ಬದನೆಕಾಯಿ ಹೆಚ್ಚುತ್ತಿದ್ದೆ. ನಮ್ಮೆಲ್ಲರ ಜೊತೆ ಹಲಗೆಯೂ ಸೋಮವಾರ ಹಿಡಿದಿದೆ ಎಂದು ನಗುತ್ತಿದ್ದೆ ಕೂಡ.

ಹಾಲು ತರುತ್ತಿದ್ದವಳು ಹಿಂದಿನ ಓಣಿಯ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಎರಡು ಎಮ್ಮೆ ಕಟ್ಟಿದ್ದಳು. ಬೆಳಗ್ಗೆ ನಾಲ್ಕು ಮನೆಗೆ ಹಾಲು ಹಾಕಿ, ಉಳಿದದ್ದನ್ನು ನನ್ನಲ್ಲಿಗೆ ತಂದು, ಅಲ್ಲೇ ಕುದಿಸಿ, ಆರಿಸಿ, ಮೊಸರಿಗೆ ಹೆಪ್ಪು ಹಾಕಿ, ಆಮೇಲೆ ಪಾತ್ರೆಗೆ ಕೂರುತ್ತಿದ್ದಳು. ಆಕೆಯ ಮನೆ ನಡೆಯುತ್ತಿದ್ದುದು ಆ ಹಾಲಿನಿಂದ, ಮತ್ತು ನನ್ನಲ್ಲಿನ ಕೆಲಸದಿಂದ. ನಾನು ಹಾಲಿನಕ್ಕ ಎನ್ನುತ್ತಿದ್ದೆ, ಆಕೆ ನನ್ನನ್ನು ತಂಗಿ ಎನ್ನುತ್ತಿದ್ದಳು.

ಆ ವರ್ಷ ಬೇಸಿಗೆ ಕೆಟ್ಟದಾಗಿತ್ತು. ನಮ್ಮ ಕಡೆ ಬಿಸಿಲಿಗೆ ಕೆಂಪು ದೂಳೂ ಸೇರಿದರೆ ಬಿಸಿ ಪಲ್ಯ ನೋಡಿದರೇ ಬೆವರು ಬರುತ್ತದೆ. ಒಂದು ಸೋಮವಾರ ಪಲ್ಯ ಬಿಟ್ಟು ಸೌತೆಕಾಯಿ, ಉಳ್ಳಾಗಡ್ಡಿ ಹಸಿಯದೇ ಹೆಚ್ಚಿ, ಕೊತ್ತಂಬರಿ ಹಾಕಿ, ನಿಂಬೆಹಣ್ಣು ಹಿಂಡಿದೆ. ಜೊತೆಗೆ ಅನ್ನ, ಸಾರು, ಮೊಸರು. ಸೌತೆಕಾಯಿಯನ್ನು ಮೂರು ನೀರಿನಲ್ಲಿ ನಾನೇ ತೊಳೆದಿದ್ದೆ, ಅದು ಚೆನ್ನಾಗಿ ನೆನಪಿದೆ. ತೊಳೆದು ಕೋಳಿ ಹಲಗೆಯ ಮೇಲೆ ಇಟ್ಟು ಹೆಚ್ಚಿದೆ. ಮೊದಲು ಬಂದವರೆಲ್ಲ ಎರಡೆರಡು ಸಲ ಹಾಕಿಸಿಕೊಂಡು, ಮಸ್ತ್ ಆಗಿದೆ ಎಂದು ಎದ್ದರು.

ಮಂಗಳವಾರ ಸಂಜೆಗೆ ಇಬ್ಬರು ಊಟಕ್ಕೆ ಬರಲಿಲ್ಲ. ಬುಧವಾರ ಬೆಳಗಿನ ಹೊತ್ತಿಗೆ ಏಳು ಮಂದಿ ಮಲಗಿದ್ದರು. ಜ್ವರ, ವಾಂತಿ, ಭೇದಿ. ಒಡಿಶಾದಿಂದ ಬಂದಿದ್ದ ಒಬ್ಬ ವೆಲ್ಡರನಿಗೆ ತೋರಣಗಲ್ಲಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ್ದಾರೆಂದು ಸುದ್ದಿ ಬಂತು. ಹೆದರಿಕೆ ಬಂದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ.

ಮಾಂಸವೇ ಇಲ್ಲದ ಊಟ ಅದು. ಹಾಗಿದ್ದ ಮೇಲೆ ಹೊಟ್ಟೆ ಕೆಡಿಸಿದ್ದು ಹಾಲೇ ಇರಬೇಕು ಎಂದು ತೀರ್ಮಾನಿಸಿಬಿಟ್ಟೆ. ಉಪ್ಪಿಟ್ಟು ತಿನ್ನುತ್ತಿದ್ದ ಹತ್ತು ಹನ್ನೆರಡು ಮಂದಿಯ ಎದುರಿಗೇ ಹಾಲಿನಕ್ಕನನ್ನು ಹಿಡಿದುಕೊಂಡೆ. ದೊಡ್ಡವಳೆಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಅವತ್ತು ಅದನ್ನೂ ಮರೆತೆ.

“ಮೊಸರಿನ ಹಾಲು ಕುದಿಸಿದ್ದೇನು, ಬರೇ ಬೆಚ್ಚಗ ಮಾಡಿ ಇಳಿಸಿದ್ದೇನು?” ಎಂದೆ.

“ಉಕ್ಕಿ ಮ್ಯಾಲ ಬಂದಿಂದನೂ ಕೈಯಾಡಿಸ್ಕೋಂತ ನಿಂತಿರ್ತೀನಿ ತಂಗಿ,” ಎಂದಳು ಆಕೆ. “ನನ್ನ ಮೊಮ್ಮಗಳೂ ಅದನ್ನ ಕುಡೀತಾಳ.”

“ಜಲ್ದಿ ಮುಗಿಸಾಕ ಹೋಗಿ ಮಂದಿ ಹೊಟ್ಟಿ ಕೆಡಿಸಿದಿ. ನಾಳಿಂದ ನಿನ್ನ ಹಾಲು ಬ್ಯಾಡ.”

ಆಕೆ ಸೌಟು ಕೆಳಗಿಟ್ಟಳು. ಕ್ಯಾನು ತೊಳೆದುಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ಮಾತು ಓಣಿಯೆಲ್ಲ ಸುತ್ತಿತ್ತು. ಮರುದಿನ ನಾಲ್ಕು ಮನೆಯವರೂ ಹಾಲು ಬೇಡವೆಂದು ಬಾಗಿಲಲ್ಲೇ ಹೇಳಿ ಕಳಿಸಿದರಂತೆ. ನನಗೆ ಅದು ತಿಳಿದಾಗ, ಸತ್ಯ ಹೇಳಬೇಕೆಂದರೆ, ನಾನು ಹೇಳಿದ್ದು ಸರಿಯೇ ಎಂದು ಇನ್ನಷ್ಟು ಗಟ್ಟಿಯಾಯಿತು.

ಆ ಗುರುವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸು ಓಆರ್‌ಎಸ್ ಪೊಟ್ಟಣ ಹಿಡಿದುಕೊಂಡು ಬಂದಳು. ಕಾಯಿಲೆ ಬಿದ್ದವರನ್ನು ಮೊದಲೇ ನೋಡಿ ಬಂದಿದ್ದಳು. ಚಿಕ್ಕ ವಯಸ್ಸು, ಆದರೆ ಗಡಿಬಿಡಿಯಿಲ್ಲದ ಹುಡುಗಿ. ನಾನು ಬಾಯಿ ತೆರೆಯುವ ಮೊದಲೇ, “ಹಾಲಂತ ಎಲ್ಲಾರೂ ಹೇಳಾಕತ್ತಾರ್ರಿ. ಯಾರು ಏನ್ ಉಂಡ್ರು ಅನ್ನೋದನ್ನ ಮೊದಲು ಬರಕೊಳ್ಳೋಣು, ಕುಂದ್ರಿ,” ಎಂದಳು.

ಬರೆಯುತ್ತಾ ಹೋದಂತೆ ನನ್ನ ಲೆಕ್ಕ ತಪ್ಪತೊಡಗಿತು. ಗ್ಲೂಕೋಸ್ ಏರಿಸಿಕೊಂಡ ವೆಲ್ಡರ್ ಮೊಸರನ್ನು ಮೂಸಿಯೂ ನೋಡುವವನಲ್ಲ. ದಿನಾ ಬಡಿಸುವ ನನಗೆ ಅದು ಗೊತ್ತಿರಬೇಕಿತ್ತು. ಇನ್ನು ನಾಲ್ಕು ಮಂದಿ ಅವತ್ತು ಬಸ್ಸು ತಡವಾಗಿ ಕೊನೆಗೆ ಬಂದವರು. ಸೌತೆಕಾಯಿ ಮುಗಿದಿತ್ತು, ಆ ಬೇಜಾರಿಗೆ ಎರಡೆರಡು ಸಲ ಮೊಸರು ಹಾಕಿಸಿಕೊಂಡಿದ್ದರು. ಆ ನಾಲ್ವರೂ ಗಟ್ಟಿಮುಟ್ಟಾಗಿ ಡ್ಯೂಟಿಗೆ ಹೋಗಿದ್ದರು. ಮಲಗಿದ್ದ ಏಳು ಮಂದಿಯೂ ಸೌತೆಕಾಯಿ ತಿಂದವರೇ.

“ಸೌತಿಕಾಯಿ ತೊಳದಿದ್ರೇನು?” ಎಂದು ನರ್ಸು ಕೇಳಿದಳು. ಮೂರು ನೀರು ಎಂದೆ. “ಹೆಚ್ಚಿದ್ದು ಯಾವುದರ ಮ್ಯಾಲೆ?” ಎಂದಳು.

ಹಲಗೆ ತಂದು ತೋರಿಸಿದೆ. ಸೋಮವಾರ ಮಾತ್ರ ಒಳಗೆ ತರುತ್ತೇನೆ, ಅರಿಶಿನ ಹಚ್ಚಿ ಶುದ್ಧ ಮಾಡಿಯೇ ತರುತ್ತೇನೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಆಕೆ ನಡುವಿನ ತಗ್ಗಿನಲ್ಲಿ ಚಾಕುವಿನ ತುದಿ ಆಡಿಸಿದಳು. ಕಚ್ಚುಗಳೊಳಗಿಂದ ಕಪ್ಪಗೆ ಅಂಟಂಟಾದ ಜಿಡ್ಡು ಮೇಲೆ ಬಂತು. ಹಲಗೆಯ ಹಿಂಬದಿ ಇನ್ನೂ ಹಸಿಯಾಗಿತ್ತು.

“ದೇವರ ಲೆಕ್ಕದಾಗ ಶುದ್ಧ ಆಗಿರಬಹುದ್ರಿ,” ಎಂದಳು. “ಕೋಳಿ ಮಾಂಸದಾಗಿನ ರೋಗದ ಹುಳಾ ವಾರ ನೋಡಂಗಿಲ್ಲ.”

ಇಷ್ಟು ವರ್ಷ ಯಾಕೆ ಏನೂ ಆಗಲಿಲ್ಲ ಎಂದು ಜಗಳಕ್ಕೇ ನಿಂತೆ. ಇಷ್ಟು ವರ್ಷ ಅದರ ಮೇಲೆ ಹೆಚ್ಚಿದ್ದನ್ನು ಬೇಯಿಸುತ್ತಿದ್ದಿರಿ, ಬೆಂಕಿ ಕಾಪಾಡಿತು, ಈ ಸಲ ಹಸಿಯದೇ ಬಡಿಸಿದಿರಿ ಎಂದಳು. ಲ್ಯಾಬಿನಿಂದ ವರದಿ ಬರುವವರೆಗೆ ಖಡಾಖಂಡಿತ ಹೇಳಲಾರೆ, ಆದರೆ ಹಲಗೆಯನ್ನು ಇವತ್ತೇ ಬಿಡಿ ಎಂದಳು. ಹೋಗುವಾಗ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ನೋಡಿ, ಹಾಲು ಎಷ್ಟು ಹೊತ್ತು ಕಾಯಿಸುತ್ತೀರಿ ಎಂದೂ ಕೇಳಿದಳು. ಹಾಲಿನಕ್ಕ ಹೇಳಿದ್ದನ್ನೇ ಹೇಳಿದೆ. ಹಸಿ ಹಾಲಿಗೆ ಅಷ್ಟು ಮಾಡಲೇಬೇಕು, ಅವರು ಸರಿಯಾಗೇ ಮಾಡುತ್ತಾರೆ ಎಂದು ಹೊರಟಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯನ್ನು ನಾನು ಎಷ್ಟು ಜನರ ಮೇಲೆ ಎಸೆದಿದ್ದೆನೋ, ಅವತ್ತು ಅದು ನನ್ನ ಮೇಲೆಯೇ ಬಿತ್ತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಹಲಗೆಯನ್ನು ಸೀಳಿ ನೀರೊಲೆಗೆ ಹಾಕಿದೆ. ಹೊಸಪೇಟೆಯಿಂದ ಎರಡು ಪ್ಲಾಸ್ಟಿಕ್ ಹಲಗೆ ತಂದೆ, ಕೋಳಿಗೆ ಕೆಂಪು, ಕಾಯಿಪಲ್ಲೆಗೆ ಹಸಿರು. ಸೋಮವಾರಕ್ಕೆಂದು ಇನ್ನೊಂದು ಹಸಿರು ಬೇಕೆಂಬುದು ಆಮೇಲೆ ಹೊಳೆದು ಅದನ್ನೂ ತರಿಸಿದೆ. ಕೆಂಪು ಹಲಗೆ ಸೋಪು ಹಚ್ಚಿಸಿಕೊಂಡು, ಕುದಿ ನೀರು ಹಾಕಿಸಿಕೊಂಡು, ಬಿಸಿಲಿನಲ್ಲಿ ಒಣಗುತ್ತದೆ, ಯಾವ ವಾರವೂ ಹೊಸ್ತಿಲು ದಾಟುವುದಿಲ್ಲ. ಕೋಳಿ ಮುಟ್ಟಿದ ಕೈಗೂ ಸೋಪು. ಮೊದಲು ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಿದ್ದೆ, ನೀರು ಪಕ್ಕದ ಕೊತ್ತಂಬರಿಗೆಲ್ಲ ಸಿಡಿಯುತ್ತಿತ್ತು. ಅದನ್ನೂ ಬಿಟ್ಟೆ. ಇದೆಲ್ಲ ಸುಲಭದ ಕೆಲಸ, ಒಂದು ದಿನದಲ್ಲಿ ಮುಗಿಯಿತು.

ಹಾಲಿನಕ್ಕನ ಮನೆಗೆ ಹೋಗುವುದು ಮಾತ್ರ ಸುಲಭವಿರಲಿಲ್ಲ. ಮಾರಾಟವಾಗದ ಹಾಲನ್ನೆಲ್ಲ ಮೊಸರು ಮಾಡಿ ಕಡೆಯುತ್ತಾ ಕೂತಿದ್ದಳು.

“ಬರ್ರಿ ಅಮ್ಮಾರ, ಕುಂದ್ರಿ,” ಎಂದಳು. ತಂಗಿ ಹೋಗಿ ಅಮ್ಮಾರ ಬಂದಿತ್ತು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ತಪ್ಪು ನನ್ನದೇ, ಹಲಗೆಯದು, ಹಾಲಿನದಲ್ಲ ಎಂದು ಎಲ್ಲ ಹೇಳಿದೆ. ಆಕೆ ಕಡೆಯುವುದನ್ನು ನಿಲ್ಲಿಸಲಿಲ್ಲ.

“ಅಂದಿದ್ದು ಮಂದಿ ಮುಂದ,” ಎಂದಳು. “ಇಲ್ಲಿ ಕುಂತು ಹೇಳಿದ್ರ ನನ್ನ ಎಮ್ಮಿ ಕೇಳ್ತಾವ್ರಿ, ಅಷ್ಟ.”

ಅವತ್ತು ಮಧ್ಯಾಹ್ನ ಊಟಕ್ಕೆ ಕೂತವರ ಮುಂದೆ ನಿಂತು ಹೇಳಿದೆ. ಸಾಂಬಾರ್ ಸೌಟು ಕೈಯಲ್ಲೇ ಇತ್ತು. ಮರುದಿನದಿಂದ ಐದು ಮಂದಿ ಬೇರೆ ಮೆಸ್ಸಿಗೆ ಹೋದರು. ಅವರನ್ನು ಬೈಯಲು ನನಗೆ ಬಾಯಿ ಇರಲಿಲ್ಲ. ವೆಲ್ಡರ್ ಮಾತ್ರ ವಾರದ ನಂತರ ತೆಳ್ಳಗಾಗಿ ಬಂದು ತಟ್ಟೆ ಮುಂದೆ ಕೂತ. ಆಮೇಲೆ ನಾಲ್ಕು ಮನೆಗಳ ಬಾಗಿಲಿಗೂ ಹೋದೆ. ಮೂರು ಮನೆಯವರು ಮತ್ತೆ ಹಾಲು ಹಾಕಿಸಿಕೊಂಡರು. ನಾಲ್ಕನೆಯ ಮನೆಯಾಕೆ, “ಯಾಕ ಬೇಕ್ರಿ ಸುಮ್ನ, ನಾವು ಪಾಕೀಟಿಗೆ ರೂಢಿ ಆಗೀವಿ,” ಎಂದಳು. ಹಲಗೆಯ ಕಥೆಯನ್ನು ಎರಡು ಸಲ ಬಿಡಿಸಿ ಹೇಳಿದೆ. ಆ ಮನೆಗೆ ಹಾಲಿನಕ್ಕನ ಹಾಲು ಇವತ್ತಿಗೂ ಹೋಗುತ್ತಿಲ್ಲ.

ಮುಂದಿನ ಸೋಮವಾರ ಆಕೆ ಕ್ಯಾನು ಹಿಡಿದುಕೊಂಡು ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಹೋದ ಜೀವ ಬಂದಂತಾಯಿತು. ಹಾಲನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟು ನನ್ನನ್ನು ಕೂಗಿದಳು. “ಅಮ್ಮಾರ, ಇಲ್ಲಿ ಬರ್ರಿ. ನಿಂತು ನೋಡ್ರಿ.”

ನಾನು ರೊಟ್ಟಿ ಬಡಿಯುತ್ತಿದ್ದೆ. “ಬ್ಯಾಡಕ್ಕ, ನೀವು ಮಾಡ್ರಿ, ನಾನೇನು ನೋಡೋದೈತಿ,” ಎಂದೆ.

“ನಿಮಗ ಬ್ಯಾಡ. ನನಗ ಬೇಕು,” ಎಂದಳು.

ಹಂಚು ಇಳಿಸಿ ಹೋಗಿ ನಿಂತೆ. ಹಾಲು ಉಕ್ಕಿ ಬಂತು, ಉರಿ ಸಣ್ಣ ಮಾಡಿ ಕೈಯಾಡಿಸಿದಳು, ಮತ್ತೆ ಕುದಿಸಿದಳು. “ನೋಡಿದ್ರಿ?” ಎಂದಳು. ನೋಡಿದೆ ಎಂದೆ. ಆಗ ಇಳಿಸಿದಳು.

ಎರಡು ವರ್ಷವಾಯಿತು, ಒಂದು ದಿನವೂ ತಪ್ಪಿಲ್ಲ. ಎಷ್ಟೇ ಅವಸರವಿರಲಿ, ಬಸ್ಸಿನ ಹಾರ್ನೇ ಕೇಳುತ್ತಿರಲಿ, ಕೂಗುತ್ತಾಳೆ, ನಾನು ಹೋಗಿ ನಿಲ್ಲುತ್ತೇನೆ. ನಿಮ್ಮ ಮೇಲೆ ನಂಬಿಕೆ ಇದೆ ಅಕ್ಕ ಎಂದು ಹೇಳಲು ಎಷ್ಟೋ ಸಲ ನೋಡಿದೆ. ಆ ಮಾತು ಬಾಯಿಗೆ ಬರುವುದಿಲ್ಲ.

ಮೊನ್ನೆ ನನಗೆ ಚಳಿಜ್ವರ, ಏಳಲಾಗಲಿಲ್ಲ. ಅಡುಗೆಗೆ ನನ್ನ ತಂಗಿಯ ಮಗಳು ನಿಂತಿದ್ದಳು. ಹುಡುಗಿ ಬಂದು, ಹಾಲಿನಕ್ಕ ಒಲೆ ಹಚ್ಚಲು ಒಪ್ಪುತ್ತಿಲ್ಲ, ಹಾಲಿನ ಪಾತ್ರೆ ಮುಂದೆ ಸುಮ್ಮನೆ ಕೂತಿದ್ದಾಳೆ ಎಂದಳು. ನಾನು ಕಂಬಳಿ ಹೊದ್ದುಕೊಂಡು, ಗೋಡೆ ಹಿಡಿದುಕೊಂಡು ಹೋಗಿ ನಿಂತೆ. ಹಾಲಿನಕ್ಕ ನನ್ನ ಮುಖ ನೋಡಿದಳು, ಹಣೆ ಮುಟ್ಟಿ ನೋಡಿ, ಕೂರಲು ಮಣೆ ಹಾಕಿಕೊಟ್ಟಳು. ಆಮೇಲೆ ಒಲೆ ಹಚ್ಚಿದಳು.