ಅಮಾವಾಸ್ಯೆಯ ಗಿರಾಕಿಗಳು

ಮೊದಲು ಹಳೇ ಡಾಸ್‌ಗೆ ಸಾಫ್ಟ್‌ವೇರ್ ಬರೆಯಬೇಕೋ ಹೊಸ ವಿಂಡೋಸ್‌ಗೋ ಎಂಬ ಒಂದೇ ಮಾತಿಗೆ ನಾನೂ ಗೆಳೆಯನೂ ವಾರಗಟ್ಟಲೆ ಕಿತ್ತಾಡಿದೆವು. ತೊಂಬತ್ತರ ದಶಕದ ಕೊನೆ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ, ಒಂದು ಕಂಪ್ಯೂಟರ್, ಇಬ್ಬರೂ ಮಾಲೀಕರು, ಆಳು ಯಾರೂ ಇಲ್ಲ. ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುವುದು ನಮ್ಮ ಉದ್ಯೋಗ. ಎರಡಕ್ಕೂ ಒಟ್ಟಿಗೆ ಬರೆಯುವ ತಾಕತ್ತಿರಲಿಲ್ಲ. ಗೆಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ನೌಕರಿ ಬಿಟ್ಟು ಬಂದಿದ್ದ. ಈ ಸುಗ್ಗಿಯಲ್ಲಿ ಅಂಗಡಿಯವರು ಅದನ್ನು ಕೊಳ್ಳದಿದ್ದರೆ ಖೋಲಿಗೆ ಬೀಗ ಹಾಕುವುದೇ ಸೈ.

ಅಂಗಡಿಗಳಲ್ಲಿ ಇರುವುದೆಲ್ಲ ಹಳೇ ಮಷಿನ್, ಡಾಸೇ ಸರಿ ಎಂದೆ ನಾನು. ವಿಂಡೋಸ್ ಆದರೆ ರೈತನ ಕೈಗೆ ಕೊಡುವ ಲೆಕ್ಕದ ಪಟ್ಟಿ ಕನ್ನಡದಲ್ಲಿ ಬರುತ್ತದೆ ಎಂದು ಅವನ ಹಟ. ಡಾಸ್‌ನಲ್ಲಿ ಕನ್ನಡ ಬೇಕೆಂದರೆ ಮಷಿನ್ನಿಗೆ ಬೇರೆ ಕಾರ್ಡನ್ನೇ ಹಾಕಿಸಬೇಕು. ಯಾವ ಪುಣ್ಯಾತ್ಮ ಹಾಕಿಸುತ್ತಾನೆ? ಕೊನೆಗೆ ಗಿರಾಕಿಗಳನ್ನೇ ಕೇಳೋಣ ಎಂದೆವು.

ಪೇಟೆ ನಡೆದಾಗ ಅಡತಿಯವರು ತಲೆ ಎತ್ತುವುದಿಲ್ಲ. ಅಮಾವಾಸ್ಯೆಗೆ ಹರಾಜಿನ ಸವಾಲು ಬಂದ್. ಅಂದು ಪೂಜೆ ಮುಗಿಸಿ ಲೋಡಿಗೆ ಒರಗಿ ಕೂತಿರುತ್ತಾರೆ. ನಾವು ಹೋದದ್ದೆಲ್ಲ ಅಮಾವಾಸ್ಯೆಗಳಂದೇ. ಎರಡೂ ಬಗೆಯ ಮಾದರಿ ಪಟ್ಟಿ ತೆಗೆದು ತೋರಿಸಿದೆವು. ಕನ್ನಡದ ಪಟ್ಟಿ ಪ್ರಿಂಟರಿನಿಂದ ಮೆಲ್ಲಗೆ ಇಳಿಯುವುದನ್ನು ಚಹಾ ಕುಡಿಯುತ್ತ ನೋಡಿ ಎಲ್ಲರೂ ಭೇಷ್ ಅಂದರು. ನಾನು ಸೋತೆ, ವಿಂಡೋಸ್ ಗೆದ್ದಿತು.

ಸುಗ್ಗಿ ಬಂತು. ಮೊದಲು ನಮ್ಮ ಸಾಫ್ಟ್‌ವೇರ್ ಕೊಂಡ ಅಂಗಡಿಯ ಹಿರಿಯರನ್ನು ಕಾಕಾ ಎನ್ನುತ್ತಿದ್ದೆವು. ತೂಕ ಮುಗಿಯುತ್ತಲೇ ರೈತರು ಪಟ್ಟಿಗೆ ಮುಗಿಬಿದ್ದರು. ಇಂಗ್ಲಿಷ್ ಅಕ್ಷರಗಳು ಪ್ರಿಂಟರಿನೊಳಗೇ ಇರುತ್ತವೆ, ಕನ್ನಡದ್ದನ್ನು ಚಿತ್ರದ ಹಾಗೆ ಬಿಡಿಸಬೇಕು. ಆ ಹಳೇ ಮಷಿನ್ ಯೋಚಿಸಿ ಯೋಚಿಸಿ ಕಳಿಸುತ್ತಿತ್ತು, ಪ್ರಿಂಟರ್ ನಿಂತು ನಿಂತು ಕಿರ್ರೆನ್ನುತ್ತಿತ್ತು. ಒಂದು ಪಟ್ಟಿ ಬರುವಷ್ಟರಲ್ಲಿ ಗುಮಾಸ್ತರು ಕೈಯಿಂದ ಮೂರ್ನಾಲ್ಕು ಗೀಚಿ ಎಸೆಯುತ್ತಿದ್ದರು. ಹೊರಗೆ ಖಾಲಿ ಗಾಡಿಗಳು ಹೋಗಲಾರದೆ, ತುಂಬಿದ ಗಾಡಿಗಳು ಬರಲಾರದೆ ಒಂದೇ ಗದ್ದಲ. ಮಧ್ಯಾಹ್ನಕ್ಕೆ ಕಾಕಾ ಮಷಿನ್ ಬಂದ್ ಮಾಡಿಸಿದರು. ಗೆಳೆಯ ತಾನೇ ಸ್ವಿಚ್ ಆರಿಸಿದ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಊಟ ನಿದ್ದೆ ಬಿಟ್ಟು ಡಾಸ್‌ಗೆ ಬರೆದೆವು. ಸುಗ್ಗಿ ಇನ್ನೂ ಸ್ವಲ್ಪ ಉಳಿದಿತ್ತು. ಪಟ್ಟಿ ಸರ್ರನೆ ಬಂತು, ಇಂಗ್ಲಿಷಿನಲ್ಲಿ. ಕಾಕಾ ಅದನ್ನು ಹರಿದುಕೊಂಡು ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು.

"ಅವತ್ತ ನಿಮ್ಮ ಕನ್ನಡ ಪಟ್ಟಿ ಒಯ್ದವ್ರು ಮನ್ಯಾಗ ಕುಂತ ಓದ್ಯಾರ. ನಮ್ಮ ಗುಮಾಸ್ತರ ಅಕ್ಷರ ಯಾರಿಗೂ ತಿಳೀತಿದ್ದಿಲ್ಲ ನೋಡ್ರಿ. ಈಗ ಎಲ್ಲಾರೂ ಅಂಥಾದ್ದ ಕೊಡ್ರಿ ಅಂತ ಕೇಳಾಕ ಹತ್ಯಾರ. ಈ ಇಂಗ್ಲೀಷ್ ಯಾರ ಮುಟ್ಟತಾರ್ರಿ?"

ಸಾವಕಾಶ ಬಂದರೆ ಗಾಡಿಗಳು ನಿಲ್ಲುತ್ತವೆ, ಬೇಗ ಬಂದರೆ ಓದಲು ಬರುವುದಿಲ್ಲ. ಇನ್ನೇನು ಬರೆಯುವುದು, ಯಾವುದಕ್ಕೆ ಬರೆಯುವುದು? ಆ ಪಟ್ಟಿಯನ್ನು ಕಿಸೆಗೆ ತುರುಕಿಕೊಂಡೆ, ಇಬ್ಬರೂ ಖೋಲಿಗೆ ವಾಪಸ್ ಬಂದೆವು.

ಬೀಗ ಹಾಕುವಾಗ ಗೆಳೆಯ, "ಕನ್ನಡನ ಬೇಕಂತ ನಾ ಹೇಳಿದ್ದು ಖರೇನ ಆತಲ್ಲೋ" ಅಂದ.

ಮರುದಿನ ಇನ್‌ಸ್ಟಿಟ್ಯೂಟಿಗೆ ಹೋಗಿ ಹಳೇ ನೌಕರಿ ಕೇಳಿದ. ಅವನ ಜಾಗದಲ್ಲಿ ಬೇರೆಯವರು ಕೂತಿದ್ದರು.